ಚೀಪುವ ಬೆಕ್ಕು ಬಟ್ಟೆ ನುಂಗಲು ಶುರುಮಾಡಿದರೆ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮ ಬೆಕ್ಕು ಕೆಂಚನಿಗೆ ಈಗ 10 ತಿಂಗಳು. ಸುಮಾರು 3 ವಾರದ ಮರಿಯಾಗಿದ್ದಾಗ ದೇವರಾಜ ಮಾರ್ಕೆಟ್ ಹತ್ತಿರ ಒಂದೇ ಸಿಕ್ಕಿತ್ತು. ಡ್ರಾಪರ್‌ನಲ್ಲಿ ಹಾಲು ಹಾಕಿ ಸಾಕಿದೆವು. 7 ತಿಂಗಳಿಗೆ ಆಪರೇಷನ್ ಮಾಡಿಸಿದ್ದೇವೆ, ತೂಕ 3.6 ಕೆ.ಜಿ. ಮೊದಲಿಂದಲೂ ಅತ್ತೆಯವರ ಶಾಲು ಚೀಪುತ್ತಾ ನಿದ್ದೆ ಮಾಡುತ್ತಿತ್ತು. 2 ತಿಂಗಳಿಂದ ಸ್ವೆಟರ್, ಟವೆಲ್, ಸೀರೆ ಸೆರಗು ಎಲ್ಲದಕ್ಕೂ ತೂತು. ಬೆಳಗಿನ ಜಾವ ಮತ್ತು ನಾವು ಸಂಜೆ ಬರುವ ಹೊತ್ತಿಗೆ ಜಾಸ್ತಿ. ಕಿತ್ತ ತುಂಡು ಎಲ್ಲೂ ಸಿಗಲ್ಲ, ಒಮ್ಮೆ ಕಕ್ಕಸ್ಸಿನಲ್ಲಿ ನೀಲಿ ಉಣ್ಣೆ ಕಂಡಿತು. ಊಟ ಬೆಳಿಗ್ಗೆ 8ಕ್ಕೆ, ಸಂಜೆ 7ಕ್ಕೆ: ಹಾಲನ್ನ, ಮೇಲೆ ಸ್ವಲ್ಪ ಡ್ರೈ ಫುಡ್. ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಹಗಲಿಡೀ ಅದು ಒಂಟಿ. ಬಟ್ಟೆ ಮಧ್ಯೆ ನುಸಿ ಗುಳಿಗೆ ಇಟ್ಟರೆ ವಾಸನೆಗೆ ಹತ್ತಿರ ಬರಲ್ಲ ಅಂತಾರೆ ಅತ್ತೆ. ಇಡಬಹುದಾ? ಇದು ಚಟವಾ, ಕಾಯಿಲೆಯಾ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನುಸಿ ಗುಳಿಗೆ ಇಡಲೇಬೇಡಿ. ಈಗಾಗಲೇ ಇಟ್ಟಿದ್ದರೆ ಇವತ್ತೇ ತೆಗೆಯಿರಿ, ಆ ಬಟ್ಟೆಗಳನ್ನು ಒಗೆದು ಬಿಸಿಲಿಗೆ ಹಾಕಿ. ಆ ಬಿಳಿ ಗುಂಡುಗಳಲ್ಲಿ ಇರುವುದು ನ್ಯಾಫ್ತಲಿನ್ ಅಥವಾ ಅದರಂಥದೇ ಇನ್ನೊಂದು ರಾಸಾಯನಿಕ. ಬೆಕ್ಕಿನ ರಕ್ತದ ಕೆಂಪುಕಣಗಳು ಇಂಥ ವಿಷಕ್ಕೆ ನಮ್ಮದಕ್ಕಿಂತ ಬೇಗ ಒಡೆದುಹೋಗುತ್ತವೆ. ಬೆಕ್ಕು ಗುಳಿಗೆಯನ್ನೇ ನುಂಗಬೇಕು ಅಂತಿಲ್ಲ. ಗುಳಿಗೆಯ ಪುಡಿ ಹತ್ತಿದ ಬಟ್ಟೆಯನ್ನು ಚೀಪಿದರೂ ವಿಷ ಹೊಟ್ಟೆಗೆ ಹೋಗುತ್ತದೆ. ನಿಮ್ಮ ಕೆಂಚ ಮಾಡುವುದೇ ಅದನ್ನ, ಅಲ್ವಾ? ಕರ್ಪೂರ, ವಿಕ್ಸ್, ಬೇವಿನೆಣ್ಣೆ, ಖಾರದ ಪುಡಿಗೂ ಇದೇ ಮಾತು. ಅತ್ತೆಯವರಿಗೆ ನಾನು ಹೇಳಿದೆ ಅಂತಲೇ ಹೇಳಿ.

ಇನ್ನು ಚಟವೋ ಕಾಯಿಲೆಯೋ ಎಂಬ ಪ್ರಶ್ನೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಕಕ್ಕಸ್ಸಿನಲ್ಲಿ ಕಂಡ ಆ ನೀಲಿ ಉಣ್ಣೆಯ ಮೇಲೆ. ಶಾಲು ಚೀಪುತ್ತಾ, ಮುಂಗಾಲಿನಿಂದ ಅದನ್ನು ಒತ್ತುತ್ತಾ, ಗುರುಗುಡುತ್ತಾ ನಿದ್ದೆಗೆ ಹೋಗುವುದು ಒಂದು. ಬಟ್ಟೆಯನ್ನು ದವಡೆಯ ಹಲ್ಲಿಗೆ ಕೊಟ್ಟು ಕತ್ತರಿಸಿ ನುಂಗುವುದು ಬೇರೆ. ಮೊದಲನೆಯದು ಮರಿ ತಾಯಿ ಹಾಲು ಕುಡಿಯುವಾಗ ಮಾಡುವ ಕೆಲಸ. ದೊಡ್ಡದಾದ ಮೇಲೂ ಉಳಿದುಕೊಂಡಿದೆ, ಅಷ್ಟೆ. ಬಟ್ಟೆ ಒದ್ದೆಯಾಗುತ್ತದೆ, ಆದರೆ ಹರಿಯುವುದಿಲ್ಲ. ಅದರಿಂದ ಬೆಕ್ಕಿಗೆ ಸಾಮಾನ್ಯವಾಗಿ ಅಪಾಯವಿಲ್ಲ, ಬಿಡಿಸುವ ಅಗತ್ಯವೂ ಇಲ್ಲ. ಎರಡನೆಯದರಲ್ಲಿ ಜೀವಕ್ಕೇ ಅಪಾಯ ಬರಬಹುದು. ಕೆಂಚ 2 ತಿಂಗಳ ಹಿಂದೆ ಮೊದಲನೆಯದರಿಂದ ಎರಡನೆಯದಕ್ಕೆ ದಾಟಿದೆ.

ಗುರುತಿಸುವುದು ಸುಲಭ. ಚೀಪಿದ ಜಾಗ ಒದ್ದೆಯಾಗಿ, ಎಳೆ ಸ್ವಲ್ಪ ಸಡಿಲಾಗಿರುತ್ತದೆ. ಅಗಿದ ಜಾಗದಲ್ಲಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಅಂಚಿರುವ ತೂತು ಇರುತ್ತದೆ. ತೂತಿನ ಸುತ್ತ ತುಂಡು ಸಿಕ್ಕಿದರೆ ಬರೀ ಹರಿದಿದೆ. ಸಿಗದಿದ್ದರೆ ನುಂಗಿದೆ ಎಂದೇ ತಿಳಿಯಬೇಕು.

ಅಪಾಯ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಸಮಯ ಬಹಳ ಮುಖ್ಯ. ಸಣ್ಣ ಬಟ್ಟೆ ತುಂಡು ಎಷ್ಟೋ ಸಲ ಕಕ್ಕಸ್ಸಿನಲ್ಲಿ ಹೊರಗೆ ಬರುತ್ತದೆ, ನಿಮಗೆ ಕಂಡ ಹಾಗೆ. ದೊಡ್ಡ ತುಂಡು ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಎಲ್ಲಕ್ಕಿಂತ ಕೆಟ್ಟದ್ದು ಉದ್ದನೆಯ ಎಳೆ: ಸ್ವೆಟರ್ ಬಿಚ್ಚಿದಾಗ ಬರುವ ನೂಲು, ಸೆರಗಿನ ಕುಚ್ಚು, ಹೊಲಿಗೆ ದಾರ, ಜರಿ ಎಳೆ. ಇದರ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಳ್ಳುತ್ತದೆ, ಇಲ್ಲವೇ ಹೊಟ್ಟೆಯಿಂದ ಕರುಳಿಗೆ ಹೋಗುವ ಬಾಯಲ್ಲಿ ಸಿಕ್ಕಿಬೀಳುತ್ತದೆ. ಉಳಿದ ಎಳೆಯನ್ನು ಕರುಳು ಮುಂದೆ ತಳ್ಳುತ್ತಲೇ ಇರುತ್ತದೆ. ತುದಿ ಬಿಡುವುದಿಲ್ಲವಾದ್ದರಿಂದ ಲಾಡಿ ಎಳೆದ ಲಂಗದ ಹಾಗೆ ಕರುಳೇ ಎಳೆಯ ಮೇಲೆ ನೆರಿಗೆ ನೆರಿಗೆಯಾಗಿ ಕೂಡಿಕೊಳ್ಳುತ್ತದೆ. ಬಿಗಿಯಾದ ಎಳೆ ಆಮೇಲೆ ಕರುಳಿನ ಗೋಡೆಯನ್ನೇ ಕೊಯ್ಯುತ್ತದೆ. ಅಲ್ಲಿಂದ ಸೋಂಕು ಹೊಟ್ಟೆಯೊಳಗೆಲ್ಲ ಹರಡುತ್ತದೆ.

ಮಂಡ್ಯದ ಒಂದು ಟೈಲರ್ ಮನೆಯ ಬೆಕ್ಕನ್ನು ಹೀಗೇ ನನ್ನ ಹತ್ತಿರ ತಂದಿದ್ದರು. ಮೊದಲ ದಿನ ವಾಂತಿ ಮಾಡಿದೆ. ಏನೋ ತಿಂದಿರಬೇಕು ಅಂತ ಮನೆಯವರು ಸುಮ್ಮನಿದ್ದರು. ಮರುದಿನ ನೀರು ಕುಡಿದರೂ ವಾಂತಿ, ಮಂಚದ ಕೆಳಗೆ ಮುದುಡಿ ಕೂತಿದೆ. ಬಾಯಿ ತೆರೆದು, ಗಂಟಲಿನ ಹೊರಗಿನಿಂದ ಬೆರಳಲ್ಲಿ ನಾಲಿಗೆಯನ್ನು ಮೇಲೆತ್ತಿ ನೋಡಿದಾಗ ನಾಲಿಗೆಯ ಕೆಳಗೆ ಕೆಂಪು ದಾರ ಕಂಡಿತು. ಸುಮ್ನೆ ಬಾಯಿ ತೆರೆದು ನೋಡಿದ್ದರೆ ಕಾಣುತ್ತಿರಲಿಲ್ಲ. ಅದೇ ದಿನ ಆಪರೇಷನ್ ಆಯಿತು. ಕರುಳು ಇನ್ನೂ ಕೊಯ್ದುಹೋಗಿರಲಿಲ್ಲ, ಬೆಕ್ಕು ಬದುಕಿತು. ಆ ದಾರವನ್ನು ಮನೆಯಲ್ಲೇ ಎಳೆದುಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು.

ಆದ್ದರಿಂದ ಕೆಂಚ ಒಂದೇ ದಿನದಲ್ಲಿ ಎರಡು ಮೂರು ಸಲ ವಾಂತಿ ಮಾಡಿದರೆ, ಊಟ ಮುಟ್ಟದಿದ್ದರೆ, ಮೂಲೆ ಸೇರಿ ಮುದುಡಿ ಕೂತರೆ, ಹೊಟ್ಟೆ ಮುಟ್ಟಿದಾಗ ಕಿರುಚಿದರೆ ಬೆಳಗಾಗಲಿ ಅಂತ ಕಾಯಬೇಡಿ. ಬಾಯಲ್ಲಾಗಲಿ ಗುದದಲ್ಲಾಗಲಿ ಎಳೆ ಕಂಡರೆ ಎಳೆಯಬೇಡಿ. ಹರಳೆಣ್ಣೆ, ತುಪ್ಪ, ಬಾಳೆಹಣ್ಣು ಕೊಟ್ಟು ಇಳಿಸುವ ಪ್ರಯತ್ನವೂ ಬೇಡ. ಬಟ್ಟೆ ಮತ್ತು ದಾರ ಬರೀ ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದು ಕಡಿಮೆ. ಅಲ್ಟ್ರಾಸೌಂಡ್‌ನಲ್ಲಿ ಕರುಳಿನ ನೆರಿಗೆ ಚೆನ್ನಾಗಿ ಗೊತ್ತಾಗುತ್ತದೆ. ನಿಮಗೆ ಹತ್ತಿರದಲ್ಲಿ ಅಲ್ಟ್ರಾಸೌಂಡ್ ಇರುವ, ರಾತ್ರಿ ಹೊತ್ತು ಬಾಗಿಲು ತೆಗೆಯುವ ಪ್ರಾಣಿ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ಈಗ ಕಾರಣಕ್ಕೆ ಬರೋಣ. ಈ ನಡತೆ ಸಯಾಮೀಸ್, ಬರ್ಮೀಸ್, ಬರ್ಮನ್ ತಳಿಗಳಲ್ಲಿ ಹೆಚ್ಚು, ಅಂದರೆ ವಂಶದಿಂದ ಬರುವ ಒಂದು ಪಾಲು ಇದೆ. ಆದರೆ ನಮ್ಮ ಬೀದಿ ಬೆಕ್ಕುಗಳಲ್ಲೂ ಕಾಣುತ್ತದೆ. ಹೆಚ್ಚಾಗಿ ಮೊದಲ ವರ್ಷದಲ್ಲೇ ಶುರುವಾಗುತ್ತದೆ. ಕೆಂಚನ ವಿಷಯದಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಕಾರಣ 3 ವಾರಕ್ಕೇ ತಾಯಿಯಿಂದ ಬೇರೆಯಾದದ್ದು. ಮರಿ ಗಟ್ಟಿ ಆಹಾರಕ್ಕೆ ಬಾಯಿ ಹಾಕುವುದೇ 4 ವಾರದ ಸುಮಾರಿಗೆ. ಹಾಲು ಬಿಡುವುದು 7-8 ವಾರಕ್ಕೆ. ಆಮೇಲೂ ಸಮಾಧಾನಕ್ಕೆ ಅಂತ ತಾಯಿಯನ್ನು ಚೀಪುವ ಮರಿಗಳಿವೆ. ಡ್ರಾಪರ್‌ನಿಂದ ಹೊಟ್ಟೆ ತುಂಬುತ್ತದೆ, ಆದರೆ ಚೀಪುವ ಕೆಲಸ ಬಾಯಿಗೆ ಸಿಗುವುದಿಲ್ಲ. ಆ ಕೆಲಸವನ್ನು ಮರಿ ಶಾಲಿನಲ್ಲಿ ಹುಡುಕಿಕೊಂಡಿತು. ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2017ರಲ್ಲಿ 5,700ಕ್ಕೂ ಹೆಚ್ಚು ಬೆಕ್ಕುಗಳ ಮಾಹಿತಿ ಸೇರಿಸಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿಗೆ ಕೈ ತೋರಿಸುತ್ತದೆ. ತಾಯಿಯ ಜೊತೆ 14 ವಾರ ಕಳೆದ ಬೆಕ್ಕುಗಳಲ್ಲಿ ಮಾಡಿದ್ದನ್ನೇ ಮಾಡುವ ಇಂಥ ನಡತೆಗಳು ಕಡಿಮೆ ಇದ್ದವು.

ಆದರೆ ನಾನು ಎಲ್ಲ ಹೊಣೆಯನ್ನೂ ತಾಯಿ ಇಲ್ಲದ್ದಕ್ಕೆ ಕಟ್ಟುವುದಿಲ್ಲ. ಅದು ಚೀಪುವುದನ್ನು ವಿವರಿಸುತ್ತದೆ. 8 ತಿಂಗಳಿಗೆ ಇದ್ದಕ್ಕಿದ್ದ ಹಾಗೆ ನುಂಗಲು ಶುರುವಾದದ್ದನ್ನು ವಿವರಿಸುವುದಿಲ್ಲ. ಇಲ್ಲಿ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ತಜ್ಞರು 2015ರಲ್ಲಿ ಸಯಾಮೀಸ್ ಮತ್ತು ಬರ್ಮನ್ ಬೆಕ್ಕುಗಳ ಬಗ್ಗೆ ಪ್ರಕಟಿಸಿದ್ದು. ಬೇಗ ತಾಯಿ ಬಿಟ್ಟದ್ದಕ್ಕೂ ಈ ನಡತೆಗೂ ನಂಟು ಕಂಡದ್ದು ಬರ್ಮನ್‌ಗಳಲ್ಲಿ. ಸಯಾಮೀಸ್‌ಗಳಲ್ಲಿ ನಂಟು ಕಂಡದ್ದು ಬೇರೆ ಆರೋಗ್ಯದ ತೊಂದರೆಗಳ ಜೊತೆ. ಎರಡೂ ತಳಿಯಲ್ಲಿ ಸಮಾನವಾಗಿದ್ದ ಅಂಶ ಒಂದೇ. ಬಟ್ಟೆ ಚೀಪುವ ಬೆಕ್ಕುಗಳಿಗೆ ಅತಿ ಎನ್ನುವಷ್ಟು ಹಸಿವು.

ನಿಮ್ಮ ಪತ್ರಕ್ಕೆ ಇದನ್ನು ಹೊಂದಿಸಿ ನೋಡಿ. ಬೆಳಿಗ್ಗೆ 8ಕ್ಕೆ ತಿಂದರೆ ಮತ್ತೆ ಸಂಜೆ 7ಕ್ಕೆ. ಅಲ್ಲಿಂದ ಮಾರನೆಯ ಬೆಳಿಗ್ಗೆ 8. ಎರಡು ಸಲವೂ 11 ಗಂಟೆ, 13 ಗಂಟೆಯ ಬಿಡುವು. ತೂತು ಬೀಳುವುದು ಯಾವಾಗ? ಬೆಳಗಿನ ಜಾವ ಮತ್ತು ಸಂಜೆ, ಅಂದರೆ ಎರಡೂ ಬಿಡುವಿನ ಕೊನೆಯಲ್ಲಿ. ಬೆಕ್ಕು ಸಹಜವಾಗಿ ದಿನಕ್ಕೆ ಎರಡು ಸಲ ಹೊಟ್ಟೆ ತುಂಬಾ ತಿನ್ನುವ ಪ್ರಾಣಿಯಲ್ಲ. ಹಿಡಿದ ಇಲಿ, ಓತಿಕ್ಯಾತ, ಹುಳು ಅಂತ ದಿನಕ್ಕೆ ಹತ್ತಾರು ಸಲ ಚೂರುಚೂರು ತಿನ್ನುತ್ತದೆ. ಪ್ರತಿ ಸಲವೂ ಹುಡುಕಬೇಕು, ಹಿಡಿಯಬೇಕು, ತುಪ್ಪಳ, ಚರ್ಮ, ಮೂಳೆ ಎಲ್ಲ ಹಲ್ಲಿನಲ್ಲಿ ಕತ್ತರಿಸಬೇಕು. ಹಾಲನ್ನದಲ್ಲಿ ಇದ್ಯಾವುದೂ ಇಲ್ಲ. ಎರಡು ನಿಮಿಷದಲ್ಲಿ ನೆಕ್ಕಿ ಮುಗಿಯುತ್ತದೆ. ಬೇಕಾದ ಪ್ರೋಟೀನ್ ಇಲ್ಲ, ಬೆಕ್ಕಿಗೆ ಮಾಂಸದಿಂದ ಸಿಗುವ ಟಾರಿನ್ ಎಂಬ ಪೋಷಕಾಂಶ ಸಾಲದು. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಸರಿಯಾಗಿ ಜೀರ್ಣವೂ ಆಗುವುದಿಲ್ಲ. ದವಡೆಯ ಹಲ್ಲಿಗೆ ಕೆಲಸ ಕೊಡುವ ವಸ್ತು ಮನೆಯಲ್ಲಿ ಬಟ್ಟೆಯೊಂದೇ ಉಳಿಯಿತು.

ಉಣ್ಣೆಯಲ್ಲಿರುವ ಕುರಿಯ ಜಿಡ್ಡಿನ ವಾಸನೆ ತಾಯಿಯ ನೆನಪು ತರುತ್ತದೆ ಎಂಬ ಮಾತು ಕೇಳಿರಬಹುದು. ಅದನ್ನು ಪೂರ್ತಿ ಒಪ್ಪುವುದು ಕಷ್ಟ. ಅಂಗಡಿಯಲ್ಲಿ ಸಿಗುವ ಸ್ವೆಟರ್‌ಗಳಲ್ಲಿ ಎಷ್ಟೋ ಅಕ್ರಿಲಿಕ್, ಅದರಲ್ಲಿ ಕುರಿಯ ಜಿಡ್ಡು ಎಲ್ಲಿಂದ ಬರಬೇಕು? ಕೆಂಚ ಟವೆಲ್ಲು, ಸೀರೆಗೂ ಇಳಿದಿದೆ. ಉಣ್ಣೆಯಲ್ಲಿ ಶುರುವಾಗಿ ಹತ್ತಿಗೆ, ಆಮೇಲೆ ಸಿಂಥೆಟಿಕ್‌ಗೆ ಹರಡುವುದು ಈ ಚಟದ ಸಾಮಾನ್ಯ ದಾರಿ. ಉಣ್ಣೆ ಬಟ್ಟೆಗಳನ್ನಷ್ಟೇ ಎತ್ತಿಟ್ಟರೆ ಸಮಸ್ಯೆ ಮುಗಿಯದಿರುವುದೂ ಅದಕ್ಕೇ.

ಆದರೆ ಊಟ ಬದಲಿಸುವ ಮೊದಲು ಒಂದು ತಪಾಸಣೆ ಆಗಲೇಬೇಕು. ತಿನ್ನಬಾರದ್ದನ್ನು ತಿನ್ನುವುದರ ಹಿಂದೆ ಕೆಲವು ಸಲ ನಿಜವಾದ ಕಾಯಿಲೆ ಇರುತ್ತದೆ. ಅದರಲ್ಲಿ ನಾನು ಮೊದಲು ನೋಡುವುದು ರಕ್ತಹೀನತೆ. ಚಿಗಟ ತುಂಬಿದ ಮರಿ, ಜಂತುಹುಳು ಇರುವ ಬೆಕ್ಕು, ಚಿಗಟದಿಂದ ಹರಡುವ ರಕ್ತದ ಸೋಂಕು ಇರುವ ಬೆಕ್ಕು, ಇವೆಲ್ಲ ಗೋಡೆ ನೆಕ್ಕುವುದು, ಲಿಟರ್ ಮಣ್ಣು ತಿನ್ನುವುದು ಉಂಟು. ಬೆಳಕಿನಲ್ಲಿ ತುಟಿ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಇರಬೇಕು. ಬಿಳಿಚಿಕೊಂಡಿದ್ದರೆ ಅಥವಾ ಹಳದಿ ಇದ್ದರೆ ಬಟ್ಟೆಯ ಮಾತು ಬದಿಗಿಟ್ಟು ಮೊದಲು ರಕ್ತಪರೀಕ್ಷೆ ಮಾಡಿಸಿ. ಒಸಡು ಚೆನ್ನಾಗಿದ್ದರೂ ಒಮ್ಮೆ ರಕ್ತದ ಎಣಿಕೆ, ಕಕ್ಕಸ್ಸಿನ ಪರೀಕ್ಷೆ, ಬೀದಿಯಿಂದ ಬಂದದ್ದರಿಂದ ಬೆಕ್ಕಿನ ಲ್ಯುಕೇಮಿಯಾ ವೈರಸ್‌ನ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಆಗಾಗ ವಾಂತಿ, ಸಡಿಲ ಕಕ್ಕಸ್ಸು ಇದ್ದರೆ ಅದನ್ನೂ ಹೇಳಿ. ಹೊಟ್ಟೆ ಕರುಳಿನ ಹಳೆಯ ಉರಿಯೂತ ಇರುವ ಬೆಕ್ಕುಗಳೂ ಹೀಗೆ ಸಿಕ್ಕಿದ್ದನ್ನು ಅಗಿಯುತ್ತವೆ. ಬಟ್ಟೆ ತುಂಡು ಒಳಗೆ ಉಳಿದಿದೆಯಾ ಎಂದು ಹೊಟ್ಟೆ ಮುಟ್ಟಿ ನೋಡಿಸುವುದೂ ಇದೇ ಭೇಟಿಯಲ್ಲಿ ಆಗಲಿ. ಇವೆಲ್ಲ ಸರಿ ಇವೆ ಎಂದು ಗೊತ್ತಾದ ಮೇಲೆ ಮುಂದಿನ ಮಾತು.

ಮೊದಲ ದಿನದಿಂದಲೇ ಬಟ್ಟೆ ಅದರ ಬಾಯಿಗೆ ಸಿಗಬಾರದು. ಸ್ವೆಟರ್, ಶಾಲು, ಕಂಬಳಿ ಟ್ರಂಕ್‌ಗೆ ಅಥವಾ ಬೀರುವಿಗೆ. ಬೀರು ಬಾಗಿಲು ಸರಿಯಾಗಿ ಮುಚ್ಚಿರಲಿ. ಒಗೆಯುವ ಬಟ್ಟೆಯ ಬುಟ್ಟಿಗೆ ಮುಚ್ಚಳ ಬೇಕು. ಬೆವರಿನ ವಾಸನೆ ಇರುವ ಬಟ್ಟೆ ಎಷ್ಟೋ ಬೆಕ್ಕುಗಳಿಗೆ ಇಷ್ಟ. ಒಣಹಾಕಿದ ಸೀರೆ ಬಾಲ್ಕನಿಯಲ್ಲಿ ನೆಲಕ್ಕೆ ಇಳಿಬಿದ್ದಿರಬಾರದು. ಹೊಲಿಗೆ ಡಬ್ಬ, ಹೂ ಕಟ್ಟುವ ದಾರ, ಬತ್ತಿಯ ಹತ್ತಿ ಸಹ ಒಳಗೆ ಹೋಗಲಿ. ಹೂ ಕಟ್ಟುವ ದಾರವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಆದರೆ ನಮ್ಮ ಊರಿನ ಮನೆಗಳಲ್ಲಿ ದಿನವೂ ನೆಲದ ಮೇಲೆ ಬಿದ್ದಿರುವ ಎಳೆ ಅದೇ. ನೀವು ಹೊರಗೆ ಹೋಗುವಾಗ ಮಲಗುವ ಕೋಣೆಯ ಬಾಗಿಲು ಹಾಕಿ.

ಇಷ್ಟಕ್ಕೇ ನಿಲ್ಲಿಸಿದರೆ ಕೆಂಚ ಕಾಲೊರಸು ಹುಡುಕಿಕೊಳ್ಳುತ್ತದೆ, ಆಮೇಲೆ ಸೋಫಾ ಕವರ್, ಕೊನೆಗೆ ಚಾರ್ಜರ್ ವೈರ್. ಆದ್ದರಿಂದ ಅದೇ ವಾರ ಊಟದ ಕೆಲಸವೂ ಶುರುವಾಗಬೇಕು. ಇದೇ ಮುಖ್ಯ ಚಿಕಿತ್ಸೆ ಅಂತ ನನ್ನ ಅಭಿಪ್ರಾಯ.

ಮನೆಯಲ್ಲಿ ಮಾಂಸ ಬೇಯಿಸದಿದ್ದರೂ ಪರವಾಗಿಲ್ಲ. ಡ್ರೈ ಫುಡ್ ಮೇಲೆ ಅಲಂಕಾರವಾಗಿರುವುದು ಬಿಟ್ಟು ಅದೇ ಪೂರ್ತಿ ಊಟವಾಗಲಿ. ಪ್ಯಾಕೆಟ್ ಮೇಲೆ ಬೆಕ್ಕಿಗೆ ಸಂಪೂರ್ಣ ಆಹಾರ ಎಂದು ಬರೆದಿರಬೇಕು. ನಾಯಿಯ ಫುಡ್ ಅಲ್ಲ. 3.6 ಕೆ.ಜಿ. ತೂಕದ, ಆಪರೇಷನ್ ಆದ, ಮನೆಯೊಳಗೇ ಇರುವ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಸಾಕು. ಹೆಚ್ಚಿನ ಡ್ರೈ ಫುಡ್‌ಗಳಲ್ಲಿ ಅದು ಸುಮಾರು 50ರಿಂದ 55 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ, ಅಷ್ಟು ಹಿಡಿಯುವ ಲೋಟ ಗೊತ್ತು ಮಾಡಿಕೊಳ್ಳಿ. ಒಂದೇ ದಿನಕ್ಕೆ ಬದಲಿಸಬೇಡಿ. 7ರಿಂದ 10 ದಿನ ಹಾಲನ್ನ ಕಡಿಮೆ ಮಾಡುತ್ತಾ, ಫುಡ್ ಜಾಸ್ತಿ ಮಾಡುತ್ತಾ ಹೋಗಿ. ಹಾಲು ನಿಂತ ಮೇಲೆ ನೀರು ಕಡಿಮೆ ಕುಡಿಯಬಹುದು. ಎರಡು ಮೂರು ಕಡೆ ಅಗಲ ಬಟ್ಟಲಲ್ಲಿ ನೀರಿಡಿ, ಫುಡ್ ಮೇಲೂ ಸ್ವಲ್ಪ ಬೆಚ್ಚಗಿನ ನೀರು ಹಾಕಬಹುದು.

ಇನ್ನು ಆ 50 ಗ್ರಾಂ ಹಂಚುವುದು ಹೇಗೆ? ಬೆಳಿಗ್ಗೆ ಎದ್ದಾಗ 10 ಗ್ರಾಂ. ಹೊರಡುವ ಮುಂಚೆ 15 ಗ್ರಾಂ, ಆದರೆ ತಟ್ಟೆಯಲ್ಲಿ ಅಲ್ಲ, ಹುಡುಕಿ ತಿನ್ನುವ ಹಾಗೆ ಬಚ್ಚಿಟ್ಟು. ಸಂಜೆ ಬಂದ ಕೂಡಲೇ 10 ಗ್ರಾಂ. ಮಲಗುವ ಮುನ್ನ, ರಾತ್ರಿ 11ರ ಸುಮಾರಿಗೆ, ಉಳಿದ 15 ಗ್ರಾಂ. ಈ ಕೊನೆಯದು ಬೆಳಗಿನ ಜಾವದ ಹಸಿವಿಗೆ ನೇರ ಉತ್ತರ, ಅದನ್ನು ತಪ್ಪಿಸಬೇಡಿ. ಟೈಮರ್ ಇರುವ ಫೀಡರ್ ಕೊಳ್ಳಲು ಆದರೆ ಮಧ್ಯಾಹ್ನ 1ಕ್ಕೂ ಬೆಳಗಿನ ಜಾವ 4ಕ್ಕೂ ಸ್ವಲ್ಪ ಸ್ವಲ್ಪ ಬೀಳುವ ಹಾಗೆ ಇಡಬಹುದು. ಒಟ್ಟು ಮಾತ್ರ ಅಷ್ಟೇ ಇರಲಿ. ಬೊಜ್ಜು ಬಂದರೆ ಅದು ಬೇರೆ ತಲೆನೋವು.

ಬಚ್ಚಿಡಲು ದುಬಾರಿ ಆಟಿಕೆ ಬೇಕಿಲ್ಲ. ನಾರು ಪೂರ್ತಿ ಕೆರೆದು ತೊಳೆದ ತೆಂಗಿನ ಕರಟಗಳನ್ನು ಐದಾರು ಕಡೆ, ಒಂದೆರಡು ಕಿಟಕಿಯ ಮೇಲೆ, ಒಂದು ಕುರ್ಚಿಯ ಕೆಳಗೆ ಇಟ್ಟು ಪ್ರತಿಯೊಂದರಲ್ಲೂ ಮೂರು ನಾಲ್ಕು ಕಾಳು ಹಾಕಿ. ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಫುಡ್ ಕಾಳಿಗಿಂತ ಸ್ವಲ್ಪ ದೊಡ್ಡ ತೂತು ಮಾಡಿದರೆ ಉರುಳಿಸಿದಾಗ ಒಂದೊಂದೇ ಬೀಳುತ್ತದೆ. ತೂತಿನ ಅಂಚು ಚೂಪಾಗಿರದಂತೆ ನೋಡಿಕೊಳ್ಳಿ. ಮೊದಲ ದಿನ ತೂತು ದೊಡ್ಡದಾಗಿರಲಿ, ಕಾಳು ಸುಲಭವಾಗಿ ಸಿಗಲಿ. ಕಷ್ಟವಾದರೆ ಬಿಟ್ಟು ಬಟ್ಟೆಗೇ ಹೋಗುತ್ತದೆ. ರಟ್ಟಿನ ಮೊಟ್ಟೆ ಟ್ರೇ ಎಲ್ಲರೂ ಹೇಳುವ ಉಪಾಯ. ನುಂಗುವ ಬೆಕ್ಕಿಗೆ ನಾನು ಅದನ್ನು ಹೇಳುವುದಿಲ್ಲ, ರಟ್ಟನ್ನೂ ತಿಂದುಬಿಡುತ್ತದೆ.

ಹಲ್ಲಿಗೂ ಕೆಲಸ ಬೇಕು. ಮಾಂಸ ತರುವ ಮನೆಯವರಿಗೆ ನಾನು ಬೇಯಿಸಿದ ಕೋಳಿ ಗಿಜರ್ಡ್‌ನ ದೊಡ್ಡ ತುಂಡು ಕೊಡಲು ಹೇಳುತ್ತೇನೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ. ಅದು ಗಟ್ಟಿ, ಅಗಿದೇ ತಿನ್ನಬೇಕು. ನಿಮಗೆ ಅದು ಆಗದು. ಹಲ್ಲಿನ ಆರೋಗ್ಯಕ್ಕೆಂದು ಬರುವ ದಪ್ಪ ಕಾಳಿನ ಬೆಕ್ಕಿನ ಫುಡ್ ಇದೆ, ಬೆಳಿಗ್ಗೆ ಬಚ್ಚಿಡುವ ಪಾಲಿಗೆ ಅದನ್ನೇ ಬಳಸಿ. ಜೊತೆಗೆ ಗೋಧಿ ಹುಲ್ಲು ಬೆಳೆಸಿ. ಒಂದು ಹಿಡಿ ಗೋಧಿಯನ್ನು ರಾತ್ರಿ ನೆನೆಸಿ, ಅಗಲ ಕುಂಡದ ಮಣ್ಣಿನಲ್ಲಿ ಹರಡಿ, ತೆಳ್ಳಗೆ ಮಣ್ಣು ಮುಚ್ಚಿ. ನಮ್ಮ ಹವೆಗೆ ಒಂದು ವಾರ ಹತ್ತು ದಿನದಲ್ಲಿ ಗೇಣು ಬೆಳೆಯುತ್ತದೆ. ಎರಡು ಕುಂಡ ಇದ್ದರೆ ಒಂದು ಮುಗಿಯುವಾಗ ಇನ್ನೊಂದು ಬರುತ್ತದೆ. ಔಷಧ ಹಾಕಿದ ಬಿತ್ತನೆ ಬೀಜ ಬೇಡ, ಅಡುಗೆಗೆ ತಂದ ಗೋಧಿಯೇ ಸಾಕು. ಜೋಳದ ಎಳೆ ಪೈರು ಮಾತ್ರ ಬೇಡವೇ ಬೇಡ. ದನ ಸಾಕಿದವರಿಗೆ ಗೊತ್ತು, ಎಳೆ ಜೋಳದ ಪೈರಿನಲ್ಲಿ ಸಯನೈಡ್ ವಿಷ ಇರುತ್ತದೆ.

ಊಟದಲ್ಲಿ ನಾರಿನಂಶ ಹೆಚ್ಚಿಸಿದಾಗ ಕೆಲವು ಬೆಕ್ಕುಗಳು ಬಟ್ಟೆ ಬಿಡುತ್ತವೆ. ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ಇರುತ್ತದೆ ಎನ್ನುವುದು ಇದರ ಹಿಂದಿನ ಲೆಕ್ಕ. ಬೇಯಿಸಿ ಕಿವುಚಿದ ಸಿಹಿಕುಂಬಳ ಅರ್ಧ ಚಮಚದಿಂದ ಶುರುಮಾಡಿ ದಿನಕ್ಕೆ ಎರಡು ಚಿಕ್ಕ ಚಮಚದವರೆಗೆ ಹೋಗಬಹುದು. ಕೂದಲುಂಡೆಗೆಂದು ಮಾರುವ ಫುಡ್‌ನಲ್ಲೂ ನಾರು ಜಾಸ್ತಿ. ಕಕ್ಕಸ್ಸು ಸಡಿಲಾದರೆ ಅರ್ಧಕ್ಕೆ ಇಳಿಸಿ. ಆದರೆ ಹಿಂದೆ ಹೇಳಿದ ತಪಾಸಣೆಯಲ್ಲಿ ಹೊಟ್ಟೆಯೊಳಗೆ ಬಟ್ಟೆ ಇಲ್ಲ ಅಂತ ಖಾತ್ರಿಯಾದ ಮೇಲಷ್ಟೇ ನಾರು ಕೊಡಿ. ಅಡ್ಡಿಯಿದ್ದ ಕರುಳಿಗೆ ನಾರು ಇನ್ನಷ್ಟು ತುಂಬಿದರೆ ಕಷ್ಟ.

ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಆಟ. ಕೋಲಿನ ತುದಿಗೆ ಗರಿ ಕಟ್ಟಿ, ಓಡಿಸಿ, ಬಚ್ಚಿಡಿಸಿ, ಕೊನೆಗೆ ಹಿಡಿಯಲು ಬಿಡಿ. ಹಿಡಿದ ತಕ್ಷಣ ಊಟದ ಪಾಲು ಹಾಕಿ. ಬೆಕ್ಕು ಬೇಟೆಯಾಡಿ, ತಿಂದು, ಮೈ ನೆಕ್ಕಿಕೊಂಡು ಮಲಗುತ್ತದೆ. ಕೆಂಚನಿಗೆ ಸಂಜೆ ನೀವು ಬಂದಾಗ ಒಂದು, ರಾತ್ರಿ 11ರ ಊಟಕ್ಕೆ ಮುಂಚೆ ಒಂದು ಹೊಂದುತ್ತದೆ. ಆಟ ಮುಗಿದ ಮೇಲೆ ಕೋಲು, ದಾರ ಬೀರುವಿಗೆ ಹೋಗಲೇಬೇಕು.

ಬಾಯಿಗೆ ಬಟ್ಟೆ ಹಾಕಿಕೊಂಡಿದ್ದು ಕಂಡರೆ ಬೈಯಬೇಡಿ, ಹೊಡೆಯಬೇಡಿ, ನೀರು ಎರಚಬೇಡಿ. ಭಯಕ್ಕೆ ಬೇಗ ಬೇಗ ನುಂಗುತ್ತದೆ, ಆಮೇಲೆ ಮಂಚದ ಕೆಳಗೆ ಹೋಗಿ ಮಾಡುತ್ತದೆ. ಹಾಗಂತ ಓಡಿಹೋಗಿ ತಿಂಡಿ ತೋರಿಸುವುದೂ ಬೇಡ. ಸೆರಗು ಕಚ್ಚಿದರೆ ತಿಂಡಿ ಬರುತ್ತದೆ ಅಂತ ಕಲಿಯಲು ಅದಕ್ಕೆ ಎರಡು ದಿನ ಸಾಕು. ಪಕ್ಕದ ಕೋಣೆಯಲ್ಲಿ ಫುಡ್ ಡಬ್ಬ ಅಲ್ಲಾಡಿಸಿ ಅಥವಾ ಆಟದ ಕೋಲು ಸದ್ದು ಮಾಡಿ. ತಾನೇ ಬಿಟ್ಟು ಬಂದಾಗ ಒಂದೆರಡು ನಿಮಿಷ ಆಡಿಸಿ, ಆಮೇಲೆ ಒಂದು ಕಾಳು. ಬಟ್ಟೆಯನ್ನು ಅದರ ಕಣ್ಣೆದುರು ಕಿತ್ತುಕೊಳ್ಳದೆ ಆಮೇಲೆ ಎತ್ತಿಡಿ. ಇದಕ್ಕಿಂತ ಒಳ್ಳೆಯದು ಹೊತ್ತಿಗೆ ಮುಂಚೆಯೇ ಹಿಡಿಯುವುದು. ಒಂದು ವಾರ ಯಾವಾಗ, ಯಾವ ಬಟ್ಟೆ, ಅದಕ್ಕೆ ಮುಂಚೆ ಏನಾಯಿತು ಅಂತ ಬರೆದಿಡಿ. ಸಂಜೆ 6ಕ್ಕೆ ಶುರುವಾಗುತ್ತದೆ ಅಂತ ಗೊತ್ತಾದರೆ ಆ ಹೊತ್ತಿಗೆ ಮುಂಚೆಯೇ ಊಟ ಸಿಗುವ ಹಾಗೆ ಮಾಡಿ.

ಕಹಿ ಸ್ಪ್ರೇ ಸಿಗುತ್ತದೆ. ಸೋಫಾ ಅಂಚಿನಂಥ ಒಂದೇ ಜಾಗ ಇದ್ದರೆ ಪ್ರಯೋಜನವಾಗಬಹುದು. ಕೆಂಚನ ಹಾಗೆ ಎಲ್ಲ ಬಟ್ಟೆಗೂ ಬಾಯಿ ಹಾಕುವ ಬೆಕ್ಕಿಗೆ ಅದು ಸ್ಪ್ರೇ ಇಲ್ಲದ ಬಟ್ಟೆಯ ದಾರಿ ತೋರಿಸುತ್ತದೆ, ಅಷ್ಟೆ. ಬರೀ ಚೀಪುವ ಬೆಕ್ಕಿಗೆ ಅದರದ್ದೇ ಒಂದು ಶಾಲು ಬಿಟ್ಟುಕೊಡುವುದು ಒಳ್ಳೆಯ ಉಪಾಯ. ನಾನೂ ಅದನ್ನು ಹೇಳುತ್ತೇನೆ. ನಿಮಗೆ ಹೇಳುವುದಿಲ್ಲ. ನುಂಗುವುದು ನಿಂತು ಕೆಲವು ತಿಂಗಳು ಕಳೆಯುವವರೆಗೆ ಕೆಂಚನಿಗೆ ಯಾವ ಬಟ್ಟೆಯೂ ಬೇಡ. ಹಾಸಿಗೆಗೆ ರಟ್ಟಿನ ಪೆಟ್ಟಿಗೆಯೂ ಬೇಡ. ಪ್ಲಾಸ್ಟಿಕ್ ಟಬ್ಬೋ ಮರದ ಹಲಗೆಯೋ ಇರಲಿ. ನಿಮ್ಮ ತೊಡೆಯ ಮೇಲೆ ಮಲಗಿ ಕೈ ನೆಕ್ಕಿದರೆ ನೆಕ್ಕಲಿ.

ಎಷ್ಟು ದಿನ ನೋಡಬೇಕು? ಊಟ ಬದಲಾಗಿ 6ರಿಂದ 8 ವಾರ. ಎಷ್ಟು ಸಲ ಬಟ್ಟೆಯ ಹತ್ತಿರ ಹೋಯಿತು ಅಂತ ಎಣಿಸಬೇಡಿ. ಹೊಸ ತೂತು ಬಿತ್ತಾ, ತುಂಡು ಸಿಕ್ಕಿತಾ, ಲಿಟರ್‌ನಲ್ಲಿ ಎಳೆ ಕಂಡಿತಾ, ಇಷ್ಟು ನೋಡಿ. ತೂತು ನಿಂತು ಚೀಪುವುದು ಉಳಿದರೆ ನನ್ನ ಪ್ರಕಾರ ಅದು ಗೆಲುವೇ. ಪೂರ್ತಿ ಹೋಗಲೇಬೇಕು ಅಂತಿಲ್ಲ, ಎಷ್ಟೋ ಬೆಕ್ಕುಗಳಲ್ಲಿ ಹೋಗುವುದೂ ಇಲ್ಲ. ನಡುವೆ ಮರುಕಳಿಸುವ ಹೊತ್ತುಗಳಿವೆ: ದಸರಾಕ್ಕೆ ನೆಂಟರು ತುಂಬಿದಾಗ, ಮನೆಗೆ ಬಣ್ಣ ಹೊಡೆಸುವಾಗ, ಧನುರ್ಮಾಸದ ಚಳಿಗೆ ಸ್ವೆಟರ್‌ಗಳು ಟ್ರಂಕ್‌ನಿಂದ ಹೊರಗೆ ಬಂದಾಗ. ಆ ವಾರಗಳಲ್ಲಿ ಆಟ ಜಾಸ್ತಿ ಮಾಡಿ, ಕೋಣೆಯ ಬಾಗಿಲು ನೆನಪಿಡಿ.

2 ತಿಂಗಳು ಇದೆಲ್ಲ ಸರಿಯಾಗಿ ಮಾಡಿದರೂ ನುಂಗುವುದು ನಿಲ್ಲದಿದ್ದರೆ ಔಷಧದ ಮಾತು ಬರುತ್ತದೆ. ಫ್ಲೂಆಕ್ಸೆಟಿನ್ ಅಥವಾ ಕ್ಲೋಮಿಪ್ರಮಿನ್. ಇವು ಮನುಷ್ಯರ ಆತಂಕ, ಗೀಳಿಗೆ ಕೊಡುವ ಮಾತ್ರೆಗಳೇ, ಆದರೆ ಬೆಕ್ಕಿಗೆ ಪ್ರಮಾಣ ತೀರಾ ಸಣ್ಣದು. ಲಿವರ್, ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿ, ತೂಕ ನೋಡಿ ಪಶುವೈದ್ಯರೇ ಲೆಕ್ಕ ಹಾಕಬೇಕು. ಮನೆಯಲ್ಲಿ ಯಾರದೋ ಮಾತ್ರೆ ಇದೆ ಅಂತ ಮುರಿದು ಕೊಡಬೇಡಿ. ಪರಿಣಾಮ ಕಾಣಲು 4ರಿಂದ 6 ವಾರ ಬೇಕು. ಮೊದಲ ದಿನಗಳಲ್ಲಿ ಊಟ ಕಡಿಮೆಯಾಗಬಹುದು, ಒಂದು ದಿನ ಪೂರ್ತಿ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಶುರುಮಾಡಿದ ಮೇಲೆ ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ. ಊಟದ ಬಿಡುವು 13 ಗಂಟೆಯೇ ಇಟ್ಟುಕೊಂಡು ಬರೀ ಮಾತ್ರೆ ಕೊಟ್ಟರೆ ಹೆಚ್ಚು ಪ್ರಯೋಜನ ಆಗುವುದಿಲ್ಲ.

ಜೊತೆಗೆ ಇನ್ನೊಂದು ಬೆಕ್ಕು ತಂದರೆ ಸರಿಹೋಗುತ್ತಾ ಅಂತ ಬಹಳ ಜನ ಕೇಳುತ್ತಾರೆ. ಈಗ ಬೇಡ. ಹೊಸ ಬೆಕ್ಕು ಬಂದ ಗಾಬರಿಗೇ ಬಟ್ಟೆ ತಿನ್ನುವುದು ಹೆಚ್ಚಾಗಬಹುದು.

ತಪಾಸಣೆಗೆ ಈ ವಾರವೇ ಹೋಗಿ. ಹೋಗುವಾಗ ಹರಿದ ಸ್ವೆಟರ್ ತೆಗೆದುಕೊಂಡು ಹೋಗಿ, ಎಷ್ಟು ಬಟ್ಟೆ ಒಳಗೆ ಹೋಗಿದೆ ಅಂತ ವೈದ್ಯರು ತೂತು ನೋಡಿಯೇ ಅಂದಾಜು ಮಾಡಬಹುದು. ಚೀಪುವಾಗ ಒಂದು, ಅಗಿಯುವಾಗ ಒಂದು ವಿಡಿಯೋ ಫೋನ್‌ನಲ್ಲಿ ಇರಲಿ. ಡಬ್ಬಿಯಲ್ಲಿ ಆ ದಿನದ ಕಕ್ಕಸ್ಸು ಹಾಕಿಕೊಂಡು ಹೋಗಿ. ಕೊನೆಯ ಜಂತುಹುಳು ಔಷಧ ಯಾವತ್ತು ಕೊಟ್ಟಿದ್ದು ಎಂಬುದನ್ನೂ ಬರೆದುಕೊಂಡು ಹೋಗಿ.